ಎನ್‌ಡಿಎ ಕನ್ನಡಕ್ಕೆ ತರುವಾಗ ‘ಅಥವಾ’ ಕೈಕೊಡುವುದು ಎಲ್ಲಿ?

ಪೀಣ್ಯದಲ್ಲಿ ಗೇರ್ ಮಾಡುವ ಸಣ್ಣ ಕಾರ್ಖಾನೆಯ ಮಾಲೀಕರೊಬ್ಬರು ಒಂದು ಎನ್‌ಡಿಎ ಹಿಡಿದುಕೊಂಡು ಬಂದಿದ್ದರು. ಎರಡು ಕಂಪನಿಗಳ ನಡುವಿನ ಗೋಪ್ಯತಾ ಒಪ್ಪಂದ ಅದು. ದೊಡ್ಡ ಕಂಪನಿ ತನ್ನ ಡ್ರಾಯಿಂಗ್ ಮತ್ತು ಹೀಟ್ ಟ್ರೀಟ್‌ಮೆಂಟ್ ಚಾರ್ಟ್ ಕೊಡುತ್ತದೆ, ಇವರು ಅದನ್ನು ಹೊರಗೆ ಬಿಡಬಾರದು. ಇಂಗ್ಲಿಷ್ ಪ್ರತಿಯ ಜೊತೆ ಯಾರೋ ಮಾಡಿಕೊಟ್ಟ ಕನ್ನಡ ಪ್ರತಿಯೂ ಇತ್ತು. ಕಾಗುಣಿತದ ಒಂದು ತಪ್ಪೂ ಇಲ್ಲ, ಓದಲು ಸಲೀಸು. ಆದರೆ ಇಂಗ್ಲಿಷ್ ಪ್ರತಿ ಬೇಡ ಅಂದ ಕೆಲಸಕ್ಕೆ ಕನ್ನಡ ಪ್ರತಿ ಒಪ್ಪಿಗೆ ಕೊಡುತ್ತಿತ್ತು! ಇಂಥದ್ದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

1. ಯಾವ ಪ್ರತಿ ಅಂತಿಮ, ಕೇಳಿ. ಒಪ್ಪಂದದ ಕೊನೆಯ ಪುಟಗಳಲ್ಲಿ ‘ಭಾಷೆ’ ಎಂಬ ಕಲಂ ಇರುತ್ತದೆ. ಇಲ್ಲದಿದ್ದರೆ ವಕೀಲರಿಗೆ ಹೇಳಿ ಹಾಕಿಸಿ.

2. ಹೆಸರುಗಳನ್ನು ಮೊದಲೇ ಗಟ್ಟಿ ಮಾಡಿ. ನಾನು ‘ಕೊಡುವ ಕಂಪನಿ’, ‘ಪಡೆಯುವ ಕಂಪನಿ’ ಎಂದೇ ಬರೆಯುತ್ತೇನೆ. ಇಂಗ್ಲಿಷಿನ ‘ಡಿಸ್‌ಕ್ಲೋಸಿಂಗ್ ಪಾರ್ಟಿ’ಗೆ ‘ಪ್ರಕಟಣಾಕಾರ ಪಕ್ಷ’ ಎಂದು ಬರೆದರೆ ಪುಸ್ತಕ ಅಚ್ಚು ಹಾಕುವವರು ಎಂದುಕೊಳ್ಳುತ್ತಾರೆ.

3. ವಿನಾಯಿತಿಗಳು. ಇಲ್ಲಿ ಅವಸರ ಬೇಡ. ಯಾವ ಮಾಹಿತಿ ಗೋಪ್ಯ ಅಲ್ಲ ಎಂದು ಹೇಳುವ ಪಟ್ಟಿ ಇದು. ಸಾಮಾನ್ಯವಾಗಿ ನಾಲ್ಕು ಇರುತ್ತವೆ: ಎಲ್ಲರಿಗೂ ಸಿಗುವ ಮಾಹಿತಿ, ಮೊದಲೇ ಗೊತ್ತಿದ್ದದ್ದು, ಬೇರೆಯವರಿಂದ ನ್ಯಾಯವಾಗಿ ಬಂದದ್ದು, ಸ್ವಂತವಾಗಿ ಕಂಡುಕೊಂಡದ್ದು. ನಾಲ್ಕರಲ್ಲಿ ಒಂದಕ್ಕೆ ಹೊಂದಿದರೂ ಸಾಕು. ಹಾಗಾಗಿ ಕೊನೆಯ ಎರಡರ ನಡುವೆ ‘ಮತ್ತು’ ಹಾಕಿ ನಾಲ್ಕೂ ಒಟ್ಟಿಗೆ ಇರಬೇಕೇನೋ ಅನ್ನಿಸುವಂತೆ ಮಾಡಬೇಡಿ. ಪಟ್ಟಿಯ ತಲೆಯಲ್ಲೇ ‘ಕೆಳಗಿನವುಗಳಲ್ಲಿ ಯಾವುದೇ ಒಂದಕ್ಕೆ ಸೇರುವ ಮಾಹಿತಿ’ ಎಂದು ಬರೆದುಬಿಡಿ.

ಮೊದಲನೆಯದರಲ್ಲಿ ಇಂಗ್ಲಿಷು ‘ಈಸ್ ಆರ್ ಬಿಕಮ್ಸ್’ ಎನ್ನುತ್ತದೆ. ಮಾಲೀಕರ ಪ್ರತಿಯಲ್ಲಿ ಅದು ‘ಬಹಿರಂಗವಾದ’ ಎಂಬ ಒಂದೇ ಪದವಾಗಿತ್ತು. ‘ಆದ’ ಅಂದರೆ ಆಗಿಹೋದದ್ದು. ನಾಳೆ ಕೊಡುವ ಕಂಪನಿಯೇ ಆ ಚಾರ್ಟನ್ನು ತನ್ನ ಕ್ಯಾಟಲಾಗಿನಲ್ಲಿ ಹಾಕಿದರೂ ಇವರು ಬಾಯಿ ಮುಚ್ಚಿಕೊಂಡೇ ಇರಬೇಕು ಎಂದಾಯಿತು. ವಿನಾಯಿತಿ ಅರ್ಧಕ್ಕೆ ಇಳಿಯಿತು. ಜೊತೆಗೆ, ‘ಪಡೆಯುವ ಕಂಪನಿಯೇ ಒಪ್ಪಂದ ಮುರಿದು ಬಹಿರಂಗ ಮಾಡಿದ್ದರೆ ಇದು ಅನ್ವಯಿಸದು’ ಎಂಬ ಷರತ್ತೂ ಅದಕ್ಕೆ ಅಂಟಿಕೊಂಡಿರುತ್ತದೆ. ಎಲ್ಲವನ್ನೂ ಒಂದೇ ವಾಕ್ಯಕ್ಕೆ ತುರುಕಿದರೆ ಷರತ್ತು ಯಾವುದಕ್ಕೆ ಸೇರಿದ್ದು ಎಂದು ತಿಳಿಯುವುದಿಲ್ಲ. ನಾನು ಎರಡಾಗಿ ಒಡೆಯುತ್ತೇನೆ: ‘ಈಗಾಗಲೇ ಸಾರ್ವಜನಿಕರಿಗೆ ಲಭ್ಯವಿರುವ ಅಥವಾ ಮುಂದೆ ಲಭ್ಯವಾಗುವ ಮಾಹಿತಿ. ಆದರೆ ಅದು ಲಭ್ಯವಾದದ್ದು ಪಡೆಯುವ ಕಂಪನಿ ಈ ಒಪ್ಪಂದ ಮುರಿದದ್ದರಿಂದ ಆಗಿರಬಾರದು.’

ಇನ್ನು ನಾಲ್ಕನೆಯದು. ಹತ್ತರಲ್ಲಿ ಒಂಬತ್ತು ಜನ ಎಡವುವುದು ಇಲ್ಲೇ. ಇಂಗ್ಲಿಷಿನಲ್ಲಿ ‘ವಿದೌಟ್ ಯೂಸ್ ಆಫ್ ಆರ್ ರೆಫರೆನ್ಸ್ ಟು’ ಎಂದಿರುತ್ತದೆ. ಮಾಲೀಕರ ಪ್ರತಿಯಲ್ಲಿ ‘ಗೋಪ್ಯ ಮಾಹಿತಿಯನ್ನು ಬಳಸದೆ ಅಥವಾ ಆಧಾರವಾಗಿ ನೋಡದೆ ಸಿದ್ಧಪಡಿಸಿದ್ದು’ ಎಂದಿತ್ತು. ಪದಕ್ಕೆ ಪದ ಸರಿಯಾಗಿದೆ, ಅಲ್ವಾ? ಅರ್ಥ ಮಾತ್ರ ಉಲ್ಟಾ. ಇಂಗ್ಲಿಷಿನ ‘ವಿದೌಟ್’ ತನ್ನ ನಂತರ ಬರುವ ಎರಡನ್ನೂ ಒಟ್ಟಿಗೆ ಇಲ್ಲ ಎನ್ನುತ್ತದೆ. ಕನ್ನಡದಲ್ಲಿ ‘ಇಲ್ಲ’ ಪ್ರತಿ ಕ್ರಿಯಾಪದದ ಬಾಲಕ್ಕೇ ಅಂಟಿರುತ್ತದೆ. ಅಡುಗೆಯವರಿಗೆ ‘ಉಪ್ಪು ಹಾಕದೆ ಅಥವಾ ಖಾರ ಹಾಕದೆ ಮಾಡಿ’ ಎಂದು ಹೇಳಿ ನೋಡಿ. ಎರಡರಲ್ಲಿ ಒಂದು ಬಿಟ್ಟರೆ ಸಾಕು ಎಂದುಕೊಳ್ಳುತ್ತಾರೆ. ಎರಡೂ ಬೇಡವಾದರೆ ನಾವು ಹೇಳುವುದು ‘ಉಪ್ಪೂ ಖಾರವೂ ಹಾಕದೆ’ ಎಂದು.

ಕಾರ್ಖಾನೆಯಲ್ಲಿ ಇದರ ಪರಿಣಾಮ ನೋಡಿ. ಇವರ ಎಂಜಿನಿಯರ್ ಚಾರ್ಟನ್ನು ಮುಂದೆ ಇಟ್ಟುಕೊಂಡು, ಅದರಲ್ಲಿರುವ ಉಷ್ಣತೆ ಬಿಟ್ಟು ಬೇರೆಯದೇ ಒಂದು ಕ್ರಮ ಕಂಡುಹಿಡಿದ ಎಂದುಕೊಳ್ಳಿ. ಬಳಸಿಲ್ಲ, ಆದರೆ ನೋಡಿದ್ದಾನೆ. ಕನ್ನಡದ ಪ್ರಕಾರ ಪಾರು, ಇಂಗ್ಲಿಷಿನ ಪ್ರಕಾರ ಸಿಕ್ಕಿಬಿದ್ದ. ಸರಿಯಾದ ರೂಪ: ‘ಬಳಸದೆಯೂ ಆಧಾರವಾಗಿ ನೋಡದೆಯೂ’. ಆಮೇಲೆ ಪರಿಶೀಲಿಸುವವರು ‘ಮೂಲದಲ್ಲಿ ಆರ್ ಇದೆಯಲ್ಲ’ ಎಂದು ಕೆಂಪು ಗೆರೆ ಹಾಕುತ್ತಾರೆ. ಸುಮ್ನೆ ಒಪ್ಪಿಕೊಳ್ಳಬೇಡಿ, ಉಪ್ಪು-ಖಾರದ ಮಾತು ಹೇಳಿ.

ವಾಟ್ಸಾಪಿನಲ್ಲಿ ಓಡಾಡುವ ‘ರೆಡಿಮೇಡ್ ಕನ್ನಡ ಎನ್‌ಡಿಎ’ ಫೈಲಿನಿಂದ ಈ ಪಟ್ಟಿಯನ್ನು ಎತ್ತಿ ಅಂಟಿಸುವವರೂ ಇದ್ದಾರೆ. ನಿಮ್ಮ ಮೂಲದಲ್ಲಿ ‘ಲಿಖಿತ ದಾಖಲೆಯಿಂದ ತೋರಿಸಬಲ್ಲ’ ಎಂಬ ಮಾತಿದ್ದು ಆ ಫೈಲಿನಲ್ಲಿ ಇಲ್ಲದಿದ್ದರೆ? ‘ನಮಗೆ ಮೊದಲೇ ಗೊತ್ತಿತ್ತು’ ಎಂದು ಬರೀ ಬಾಯಲ್ಲಿ ಹೇಳಿದರೂ ಸಾಕು ಎಂದಾಗುತ್ತದೆ.

4. ಕೋರ್ಟು ಕೇಳಿದಾಗ. ಕಾನೂನು ಅಥವಾ ನ್ಯಾಯಾಲಯದ ಆದೇಶದ ಮೇರೆಗೆ ಮಾಹಿತಿ ಕೊಡಬೇಕಾದ ಸಂದರ್ಭವನ್ನು ಐದನೆಯ ವಿನಾಯಿತಿಯಾಗಿ ಮೇಲಿನ ಪಟ್ಟಿಗೆ ಸೇರಿಸಿಬಿಡುತ್ತಾರೆ. ಮೂಲದಲ್ಲಿ ಬೇರೆ ಕಲಂ ಆಗಿದ್ದರೆ ಬೇರೆಯೇ ಇರಲಿ. ಮೇಲಿನ ನಾಲ್ಕು ಗೋಪ್ಯವೇ ಅಲ್ಲ. ಇದು ಗೋಪ್ಯವಾಗಿಯೇ ಉಳಿಯುತ್ತದೆ, ಹಾಗೆ ಕೇಳಿದವರಿಗೆ ಮಾತ್ರ ಕೊಡಬಹುದು, ಅಷ್ಟೆ. ‘ಟು ದಿ ಎಕ್ಸ್‌ಟೆಂಟ್’ ಎಂಬುದನ್ನು ‘ಕಾನೂನಿನ ಪ್ರಕಾರ’ ಎಂದು ತೇಲಿಸಬೇಡಿ. ‘ಕಾನೂನು ಕೇಳುವಷ್ಟು ಭಾಗವನ್ನು ಮಾತ್ರ’ ಎಂದು ಬರೆಯಿರಿ.

5. ಒಪ್ಪಂದ ಮುರಿದರೆ ಏನು? ಇಲ್ಲಿನ ದೊಡ್ಡ ತಲೆನೋವು ‘ಪರಿಹಾರ’ ಎಂಬ ಪದ. ರೆಮಿಡಿ, ರಿಲೀಫ್, ಕಾಂಪೆನ್ಸೇಷನ್, ಡ್ಯಾಮೇಜಸ್ ಎಲ್ಲಕ್ಕೂ ನಿಘಂಟು ಅದನ್ನೇ ಕೊಡುತ್ತದೆ. ಮಾಲೀಕರ ಪ್ರತಿಯಲ್ಲಿ ‘ಪರಿಹಾರವು ಸಾಕಷ್ಟು ಪರಿಹಾರವಾಗಬಾರದು’ ಎಂಬ ವಾಕ್ಯವೇ ಇತ್ತು. ಡ್ಯಾಮೇಜಸ್‌ಗೆ ‘ನಷ್ಟಪರಿಹಾರದ ಹಣ’, ರೆಮಿಡಿಗೆ ‘ಪರಿಹಾರೋಪಾಯ’, ಇಂಡೆಮ್ನಿಟಿಗೆ ‘ನಷ್ಟಭರ್ತಿ’. ಈ ಮೂರನ್ನು ಅದಲುಬದಲು ಮಾಡಬೇಡಿ. ಇನ್ನು ‘ಮೇ ನಾಟ್ ಬಿ’ ಇಲ್ಲಿ ನಿಷೇಧವಲ್ಲ, ಅನುಮಾನ. ಹಾಗಾಗಿ ವಾಕ್ಯ ಹೀಗಾಗುತ್ತದೆ: ‘ನಷ್ಟಪರಿಹಾರದ ಹಣವೊಂದೇ ಸಾಕಾಗುವ ಪರಿಹಾರೋಪಾಯ ಆಗದಿರಬಹುದು.’

ಈ ವಾಕ್ಯ ಅಲಂಕಾರಕ್ಕಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 38ನೇ ಕಲಂ ಶಾಶ್ವತ ನಿರ್ಬಂಧಕಾಜ್ಞೆಯ, ಅಂದರೆ ಒಂದು ಕೆಲಸ ಮಾಡದಂತೆ ಕೋರ್ಟು ತಡೆಯುವ ಆದೇಶದ ಬಗ್ಗೆ ಹೇಳುವಾಗ, ಹಣ ಕೊಟ್ಟರೆ ಸಾಕಾಗುತ್ತದೆಯೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆ ಇಂಜಂಕ್ಷನ್‌ಗೆ ‘ನಿಷೇಧಾಜ್ಞೆ’ ಎಂದು ಬರೆದವರನ್ನೂ ಕಂಡಿದ್ದೇನೆ. ಓದಿದವರಿಗೆ ಊರಲ್ಲಿ ಐದು ಜನ ಸೇರಬಾರದು ಎಂಬ ಆದೇಶವೇ ನೆನಪಿಗೆ ಬರುವುದು! ‘ನಿರ್ಬಂಧಕಾಜ್ಞೆ’ ಇರಲಿ.

ಮುಂದಿನದು ‘ಎಂಟೈಟಲ್ಡ್ ಟು ಸೀಕ್’. ಇದು ‘ಕೋರಲು ಹಕ್ಕಿದೆ’ ಮಾತ್ರ. ‘ಪಡೆಯಲು ಹಕ್ಕಿದೆ’ ಎಂದು ಬರೆದರೆ ಕೊಡುವ ಕಂಪನಿಗೆ ಮೂಲದಲ್ಲಿ ಇಲ್ಲದ ಬಲ ಕೊಟ್ಟಂತೆ. ಹಾಗೆಯೇ ‘ಇದಲ್ಲದೆ’ ಎಂಬ ಪದದ ಬಗ್ಗೆ ಎಚ್ಚರ. ಅದಕ್ಕೆ ‘ಇದರ ಜೊತೆಗೆ’ ಎಂದೂ ‘ಇದನ್ನು ಬಿಟ್ಟು’ ಎಂದೂ ಅರ್ಥ ಬರುತ್ತದೆ. ‘ಇತರ ಪರಿಹಾರೋಪಾಯಗಳ ಜೊತೆಗೆ, ಅವುಗಳ ಬದಲಿಗೆ ಅಲ್ಲ’ ಎಂದು ಬಿಡಿಸಿ ಹೇಳಿ.

ಮೊದಲೇ ಮೊತ್ತ ನಮೂದಿಸಿದ್ದರೆ ಅದನ್ನು ‘ದಂಡ’ ಎನ್ನಬೇಡಿ. ‘ಮುಂಚೆಯೇ ನಿಗದಿಪಡಿಸಿದ ನಷ್ಟಪರಿಹಾರ’ ಎನ್ನಿ. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕೋರ್ಟು ಕೊಡಿಸುವುದು ಆ ಮೊತ್ತವನ್ನು ಮೀರದ ನ್ಯಾಯಯುತ ಪರಿಹಾರವನ್ನು. ದಂಡ ಅಂದ ಕೂಡಲೇ ಪಡೆಯುವ ಕಂಪನಿಯವರು ಪೂರ್ತಿ ಕಟ್ಟಲೇಬೇಕು ಎಂದುಕೊಳ್ಳುತ್ತಾರೆ.

6. ಕೊನೆಗೆ, ಕಥೆ ಹೇಳಿ ಕೇಳಿ. ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸುವುದರಿಂದ ಜಾಸ್ತಿ ಪ್ರಯೋಜನವಿಲ್ಲ. ‘ಅಥವಾ’ ಮತ್ತೆ ‘ಆರ್’ ಆಗುತ್ತದೆ, ತಪ್ಪು ಅಲ್ಲೇ ಅಡಗಿಕೊಳ್ಳುತ್ತದೆ. ಅದರ ಬದಲು ಕಥೆ ಕಟ್ಟಿ. ಒಬ್ಬರು ಇಂಗ್ಲಿಷ್ ಮಾತ್ರ, ಇನ್ನೊಬ್ಬರು ಕನ್ನಡ ಮಾತ್ರ ನೋಡಿ ಉತ್ತರಿಸಲಿ. ಮಾಲೀಕರ ಎದುರಿಗೆ ತಿದ್ದಿದ ಪ್ರತಿ ಇಟ್ಟು ಕೇಳಿದೆ: ‘ಸಾರ್, ನಿಮ್ಮ ಹುಡುಗ ಚಾರ್ಟ್ ನೋಡಿದ, ಆದರೆ ಬಳಸಲಿಲ್ಲ. ಪಾರಾಗುತ್ತಾನಾ?’ ಅವರು ಬೆರಳಿಟ್ಟು ಓದಿದರು, ‘ಬಳಸದೆಯೂ ನೋಡದೆಯೂ’ ಹತ್ತಿರ ನಿಂತರು. ‘ಇಲ್ಲ ಬಿಡಿ,’ ಅಂದವರೇ ಫೋನ್ ತೆಗೆದು ಎಂಜಿನಿಯರ್‌ಗೆ ಹೇಳಿದರು, ‘ಆ ಚಾರ್ಟ್ ಗೋಡೆ ಮೇಲಿಂದ ತೆಗೆದು ಬೀರುಗೆ ಹಾಕಪ್ಪಾ.’