ಹಗಲು ಬೀಚಿಗೆ, ರಾತ್ರಿ ಊಟಕ್ಕೆ: ಒಂದೇ ಡ್ರೆಸ್ ಸಾಕು

ಡಿಸೆಂಬರ್‌ನಲ್ಲಿ ಗೋವಾದಲ್ಲಿ ಸುಮಾರು 6 ಗಂಟೆಗೆ ಸೂರ್ಯ ಮುಳುಗುತ್ತಾನೆ. ಊಟ 8ಕ್ಕೆ ಅಂತಿಟ್ಟುಕೊಳ್ಳಿ. ನಡುವಿನ ಎರಡು ಗಂಟೆಯಲ್ಲಿ ಬಟ್ಟೆ ತಯಾರಾಗಬೇಕು. ಹಾಗಾಗಿ ಬೀಚಿಗೂ ಊಟಕ್ಕೂ ಆಗುವ ಡ್ರೆಸ್ ಆರಿಸುವಾಗ ನಾನು ಡಿಸೈನ್‌ಗಿಂತ ಮೊದಲು ಬಟ್ಟೆ ಯಾವುದು ಅಂತ ನೋಡುತ್ತೇನೆ.

ಇದು ಗೋವಾದ ಬೆನಾಲಿಮ್‌ನಲ್ಲಿ ಕಲಿತ ಪಾಠ. ಪುಣೆಯಲ್ಲಿ ಕೊಂಡ ರೇಯಾನ್ ಫ್ರಾಕ್ ಹಾಕಿಕೊಂಡು ಅಲೆಗಳಲ್ಲಿ ನಡೆದಿದ್ದೆ. ರೂಮಿಗೆ ಬಂದು ಹಾಗೇ ಒಣಹಾಕಿದೆ. ಊಟದ ಹೊತ್ತಿಗೂ ಅಂಚು ತಣ್ಣಗೆ, ಅಂಟು ಅಂಟಾಗಿತ್ತು. ಒಣಗಿದ ಕಡೆ ಬಿಳಿ ಗೆರೆ ಮೂಡಿತ್ತು. ಸಮುದ್ರದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಉಪ್ಪು ಹೋಗದೆ ಬಟ್ಟೆ ಗರಿಗರಿಯಾಗಿ ಒಣಗುವುದೇ ಇಲ್ಲ. ರೇಯಾನ್‌ಗೆ ಇನ್ನೊಂದು ತೊಂದರೆ, ಒದ್ದೆಯಾದರೆ ಅದರ ನೂಲು ಬಲ ಕಳೆದುಕೊಳ್ಳುತ್ತದೆ. ಜೋರಾಗಿ ಹಿಂಡಿದರೆ ಹಾಳು.

ಬಟ್ಟೆ ಆರಿಸಿ. ನನ್ನ ಆಯ್ಕೆ ಕ್ರಿಂಕಲ್ ಕಾಟನ್. ಸುಕ್ಕೇ ಅದರ ಅಂದ, ಅದಕ್ಕೆ ಇಸ್ತ್ರಿ ಬೇಡ. ಲಿನನ್ ಕೂಡ ತಂಪು, ಆದರೆ ಒಂದು ಸಲ ಕುಳಿತು ಎದ್ದರೆ ಮಡಿಕೆ ಕಾಣುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಸಂಜೆಯ ಸೆಖೆಯಲ್ಲಿ ಬೆವರು ಹೀರುವುದಿಲ್ಲ. ಮೊಣಕಾಲಿನ ಕೆಳಗೆ ಬರುವ, ಮುಂದೆ ಬಟನ್ ಇರುವ, ಸಡಿಲವಾದ ಡ್ರೆಸ್ ಇರಲಿ. ಹಗಲು ಬಟನ್ ಬಿಚ್ಚಿ ಸ್ವಿಮ್‌ಸೂಟ್ ಮೇಲೆ ಕೋಟಿನ ಹಾಗೆ ಹಾಕಬಹುದು.

ಬಣ್ಣ ಕಡು ನೀಲಿ ಅಥವಾ ಕಡು ಹಸಿರು. ಬಿಳಿ ಬೇಡ. ಒದ್ದೆಯಾದರೆ ಒಳಗಿನದು ಕಾಣುತ್ತದೆ, ಅದು ಎಲ್ಲರಿಗೂ ಗೊತ್ತು. ಜಾಸ್ತಿ ಜನರಿಗೆ ಗೊತ್ತಿಲ್ಲದ್ದು ಸನ್‌ಸ್ಕ್ರೀನ್ ಕಲೆ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿ ಅವೊಬೆನ್‌ಜೋನ್ ಎಂಬ ರಾಸಾಯನಿಕ ಇರುತ್ತದೆ. ಒಗೆಯುವ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಕುತ್ತಿಗೆಯ ಹತ್ತಿರ ತುಕ್ಕಿನಂಥ ಕಲೆ ಉಳಿಯುತ್ತದೆ. ಕ್ರೀಮ್ ಹಚ್ಚಿ, ಚರ್ಮ ಹೀರಿಕೊಂಡ ಮೇಲೆ ಡ್ರೆಸ್ ಹಾಕಿ.

ನೀರಿಗೆ ಡ್ರೆಸ್ ಇಳಿಸಬೇಡಿ. ಈಜಲು ಸ್ವಿಮ್‌ಸೂಟ್ ಇರಲಿ. ಡ್ರೆಸ್ ದಡದ ಚೀಲದಲ್ಲಿರಲಿ. ಆದರೂ ಅಂಚು ಒದ್ದೆಯಾಗುತ್ತದೆ, ಮರಳು ಹತ್ತುತ್ತದೆ. ಆಗ ಉಜ್ಜಬೇಡಿ. ಗೋವಾ ಎಕ್ಸ್‌ಪ್ರೆಸ್‌ಗೆ ಬೆಳಗಾವಿಯಲ್ಲಿ ಹತ್ತಿ ನಮ್ಮ ಜೊತೆ ಬಂದಿದ್ದ ನಾದಿನಿ ಹೇಳಿದ್ದು: "ವೈನಿ, ಅರಿವಿ ಹಸಿ ಇದ್ದಾಗ ಉಸುಕು ತೆಗಿಲಿಕ್ಕೆ ಹೋಗಬ್ಯಾಡ್ರಿ. ಒಣಗಿದ ಮ್ಯಾಲೆ ಝಾಡಿಸ್ರಿ, ತಾನ ಉದುರತದ." ಅವಳ ಮಾತು ಸರಿ. ಮರಳನ್ನು ಬಟ್ಟೆಗೆ ಹಿಡಿದಿಡುವುದು ನೀರು.

ಅಂಚು ಮಾತ್ರ ತೊಳೆಯಿರಿ. ರೂಮಿಗೆ ಬಂದು, ಅಂಚು ಒಣಗಿದ ಮೇಲೆ ಮರಳು ಝಾಡಿಸಿ. ನಂತರ ಉಪ್ಪುನೀರು ತಾಗಿದ ಭಾಗವನ್ನಷ್ಟೇ ಬಕೆಟ್‌ನ ಸಿಹಿನೀರಿನಲ್ಲಿ ಎರಡು ಸಲ ಅದ್ದಿ ತೆಗೆಯಿರಿ. ಸೋಪು ಬೇಡ. ಆಮೇಲೆ ಒಣ ಟವೆಲ್ ಹಾಸಿ, ಒದ್ದೆ ಭಾಗ ಅದರ ಮೇಲಿಟ್ಟು, ಟವೆಲ್ ಸುತ್ತಿ, ಕಾಲಿನಿಂದ ಒತ್ತಿ. ನೀರು ಟವೆಲ್‌ಗೆ ಹೋಗುತ್ತದೆ. ಫ್ಯಾನಿನ ಕೆಳಗೆ ಹ್ಯಾಂಗರ್‌ಗೆ ಹಾಕಿ. ಬಾಲ್ಕನಿ ಬೇಡ, ಸಂಜೆ ಅಲ್ಲಿ ತೇವದ ಗಾಳಿ. ಅರ್ಧ ಗಂಟೆ ಬಿಟ್ಟು ಅಂಚನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಅಂಗೈಗೆ ಇದು ಅಷ್ಟು ಬೇಗ ಗೊತ್ತಾಗುವುದಿಲ್ಲ. ಇಡೀ ಡ್ರೆಸ್ ಸಮುದ್ರದಲ್ಲಿ ನೆನೆದಿದ್ದರೆ ಮಾತ್ರ ಆ ಸಂಜೆಗೆ ಅದನ್ನು ಬಿಟ್ಟುಬಿಡಿ. ಅದಕ್ಕೆಂದೇ ಇನ್ನೊಂದು ಡ್ರೆಸ್ ಜೊತೆಗಿರಲಿ.

ಊಟಕ್ಕೆ ಬದಲಿಸಿ. ಈಗ ಬಟನ್ ಎಲ್ಲ ಹಾಕಿ, ಸೊಂಟಕ್ಕೆ ಬೆಲ್ಟ್ ಕಟ್ಟಿ. ಸಡಿಲ ಡ್ರೆಸ್‌ಗೆ ಆಗಲೇ ಆಕಾರ ಬರುತ್ತದೆ. ಮೇಲೆ ನಾನು ಗುಳೇದಗುಡ್ಡದ ಖಣದಲ್ಲಿ ಹೊಲಿಸಿದ ಗಿಡ್ಡ ಜಾಕೆಟ್ ಹಾಕುತ್ತೇನೆ. ಪುಣೆಯಲ್ಲೂ ಖಣ ಸುಲಭವಾಗಿ ಸಿಗುತ್ತದೆ. ಕಡು ನೀಲಿ ಕಾಟನ್ ಮೇಲೆ ಕೆಂಪು ಖಣ ದೀಪದ ಬೆಳಕಲ್ಲಿ ಎಷ್ಟು ಚೆಂದ ಕಾಣುತ್ತದೆ ಅಂದರೆ, ಬೇರೆ ಒಡವೆಯೇ ಬೇಡ ಅನಿಸುತ್ತದೆ. ಜಾಕೆಟ್ ಮಾತ್ರ ಬೀಚಿಗೆ ಒಯ್ಯಬೇಡಿ. ರೇಷ್ಮೆ ನೂಲಿರುವ ಖಣಕ್ಕೆ ಉಪ್ಪುನೀರು ತಾಗಿದರೆ ಕಲೆ ಉಳಿಯಬಹುದು.

ಗಂಡಸರಿಗೂ ಇದೇ ದಾರಿ. ಹಗಲು ಟೀ ಶರ್ಟ್ ಮೇಲೆ ತೆರೆದು ಹಾಕಿದ ಕಾಟನ್ ಶರ್ಟ್, ರಾತ್ರಿ ಬಟನ್ ಹಾಕಿ ಪ್ಯಾಂಟ್ ಜೊತೆ. ಈಜಿದ ಚಡ್ಡಿಯಲ್ಲೇ ಊಟಕ್ಕೆ ಹೋಗಬೇಡಿ, ಕೆಲವು ರೆಸಾರ್ಟ್‌ಗಳ ಡಿನ್ನರ್ ಹಾಲ್‌ನಲ್ಲಿ ಒಳಗೇ ಬಿಡುವುದಿಲ್ಲ.

ಕೊನೆಗೆ ಚಪ್ಪಲಿ. ಬೀಚಿನ ಶ್ಯಾಕ್‌ಗಳಲ್ಲಿ ಟೇಬಲ್ ಮರಳಿನ ಮೇಲೇ ಇರುತ್ತದೆ, ಹೀಲ್ಸ್ ಹೂತುಹೋಗುತ್ತದೆ. ತೊಗಲಿನ ಕೊಲ್ಹಾಪುರಿ ಉಪ್ಪುನೀರಿಗೆ ಬಿರುಸಾಗುತ್ತದೆ. ಹಗಲಿಗೆ ರಬ್ಬರ್ ಚಪ್ಪಲಿ ಒಂದು ಜೊತೆ, ರಾತ್ರಿಗೆ ಚಪ್ಪಟೆ ಅಡಿಯ ಸ್ಯಾಂಡಲ್ ಒಂದು ಜೊತೆ ಇಟ್ಟುಕೊಳ್ಳಿ.