ಪ್ರತಿ ತಿಂಗಳೂ ತಡ ಮಾಡುವ ಬಾಡಿಗೆಯವರಿಗೆ ನಾನು ಬರೆದ ಒಂದು ಮೆಸೇಜು

ಪುಣೆಯ ವಾಕಡ್‌ನಲ್ಲಿ ನಮ್ಮದೊಂದು ಸಣ್ಣ ಫ್ಲ್ಯಾಟ್ ಇದೆ. ಫೆಬ್ರವರಿಯಿಂದ ಅದರಲ್ಲಿ ಬಾಗಲಕೋಟೆ ಕಡೆಯ ಗಂಡ ಹೆಂಡತಿ ಇದ್ದಾರೆ. ಒಳ್ಳೆಯ ಜನ. ಮನೆ ಕನ್ನಡಿ ಥರ ಇಟ್ಟುಕೊಂಡಿದ್ದಾರೆ, ಸೊಸೈಟಿಯಿಂದ ಒಂದು ದೂರು ಬಂದಿಲ್ಲ, ಸಂಕ್ರಾಂತಿಗೆ ಊರಿಂದ ಬಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನಮಗೂ ತಲುಪುತ್ತದೆ. ಬಾಡಿಗೆ ಮಾತ್ರ ಒಂದು ತಿಂಗಳೂ ಹೇಳಿದ ದಿನಕ್ಕೆ ಬರುತ್ತಿರಲಿಲ್ಲ.

ಇಂಥವರ ಜೊತೆಗೇ ಕಷ್ಟ. ದುಡ್ಡು ಮುಳುಗಿಸುವವರಾದರೆ ದಾರಿ ಬೇರೆ, ವಕೀಲರ ಹತ್ತಿರ ಹೋಗಬಹುದು. ಇವರು ಕೊಡುತ್ತಾರೆ, ಆದರೆ ತಡವಾಗಿ ಕೊಡುತ್ತಾರೆ. ಅಷ್ಟರಲ್ಲಿ 7ನೇ ತಾರೀಖಿಗೆ ನನ್ನ ಗೃಹಸಾಲದ ಕಂತು ಕಟ್ ಆಗಿರುತ್ತದೆ.

ಮೊದಲು ನಾನು ಮಾಡಿದ್ದು ಅಗ್ರಿಮೆಂಟ್ ತೆಗೆದು ಕೂತಿದ್ದು. ಬ್ರೋಕರ್ ಕಳಿಸಿದ ಕರಡಲ್ಲ, ರಿಜಿಸ್ಟರ್ ಆಗಿ ಬಂದ ಪ್ರತಿ. ಇದು ಮುಖ್ಯ, ಯಾಕಂದ್ರೆ ಎರಡರಲ್ಲೂ ಕಲಮುಗಳ ನಂಬರ್ ಒಂದೇ ಇರುತ್ತದೆ ಅಂತಿಲ್ಲ. ನಮ್ಮ ಕರಡಿನಲ್ಲಿ ಬಾಡಿಗೆ ತಾರೀಖಿನ ಮಾತು 4ನೇ ಕಲಮು, ರಿಜಿಸ್ಟರ್ ಆದದ್ದರಲ್ಲಿ 3ನೇದು. ತಪ್ಪು ನಂಬರ್ ಹಾಕಿ ಕಳಿಸಿದರೆ ಇಡೀ ಮೆಸೇಜಿನ ತೂಕವೇ ಹೋಗುತ್ತದೆ.

ಬೆಂಗಳೂರು ಕಡೆಯಿಂದ ಬಂದವರಿಗೆ ಒಂದು ಮಾತು. 11 ತಿಂಗಳ ಕರಾರು ಅಂದ್ರೆ ರಿಜಿಸ್ಟರ್ ಬೇಡ ಅನ್ನುವ ಲೆಕ್ಕ ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲ. ಇಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಕರಾರು ಎಷ್ಟೇ ತಿಂಗಳಿನದ್ದಾದರೂ ಬರಹದಲ್ಲಿರಬೇಕು, ರಿಜಿಸ್ಟರ್ ಆಗಿರಬೇಕು, ಅದನ್ನು ಮಾಡಿಸುವ ಹೊಣೆ ಮನೆ ಮಾಲೀಕರದ್ದು. ಮಾಡಿಸದೆ ಇದ್ದು ಮುಂದೆ ಜಗಳ ಆದರೆ, ಯಾವ ಷರತ್ತಿನ ಮೇಲೆ ಮನೆ ಕೊಟ್ಟಿದ್ದು ಅನ್ನುವ ವಿಷಯದಲ್ಲಿ ಬಾಡಿಗೆಯವರ ಮಾತೇ ನಿಲ್ಲುತ್ತದೆ, ಅದು ಸುಳ್ಳು ಅಂತ ಸಾಬೀತಾಗುವ ತನಕ. ಅಂದ್ರೆ ರಿಜಿಸ್ಟರ್ ಇಲ್ಲದವರು "ಕಲಮು 3ರ ಪ್ರಕಾರ" ಅಂತ ಬರೆದು ಹೆಚ್ಚು ಪ್ರಯೋಜನ ಇಲ್ಲ.

ನಮ್ಮ 3ನೇ ಕಲಮು ಇಷ್ಟು ಹೇಳುತ್ತದೆ: ತಿಂಗಳ ಬಾಡಿಗೆ 22,000 ರೂಪಾಯಿ, ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಮುಂಗಡ ಕೊಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಫೆಬ್ರವರಿಯಿಂದ ಜುಲೈ ತನಕ ದುಡ್ಡು ಬಂದ ತಾರೀಖು ಒಂದು ಚೀಟಿಯಲ್ಲಿ ಬರೆದುಕೊಂಡೆ. 9, 11, 8, 14, 12, 17. ಚೀಟಿ ನೋಡಿದ ಮೇಲೆ ಎರಡು ವಿಷಯ ಕಂಡಿತು. ಒಂದು, 8ಕ್ಕಿಂತ ಮುಂಚೆ ಒಮ್ಮೆಯೂ ಬಂದಿಲ್ಲ, ಅಂದ್ರೆ ಸಂಬಳವೇ ಆಮೇಲೆ ಬರುತ್ತಿರಬೇಕು. ಎರಡು, ದಿನ ಬರಬರುತ್ತ ಜಾರುತ್ತಿದೆ. ನಾನು ಸುಮ್ನೆ ಇದ್ದಷ್ಟೂ 17 ಅನ್ನೋದು 20 ಆಗುತ್ತದೆ. ತಡಕ್ಕೆ ದಂಡ ಹಾಕಿದರೆ ಒಟ್ಟು 41 ದಿನಕ್ಕೆ 4,100 ರೂಪಾಯಿ. ಅದನ್ನು ಕೇಳುವ ಮನಸ್ಸಿರಲಿಲ್ಲ, ಆದರೆ ಅಂಕಿ ಗೊತ್ತಿರಲಿ ಅಂತ ಬರೆದಿಟ್ಟುಕೊಂಡೆ.

ನನ್ನ ಪ್ರಕಾರ ಇಂಥ ಮೆಸೇಜು ಬಾಡಿಗೆ ಬಾಕಿ ಇರುವಾಗ ಕಳಿಸಲೇಬಾರದು. ಬಾಕಿ ಇದ್ದಾಗ ಏನು ಬರೆದರೂ ಅವರಿಗೆ ಅದು "ದುಡ್ಡು ಹಾಕ್ರಿ" ಅಂತಲೇ ಕೇಳಿಸುತ್ತದೆ. ಅವರು ಅವತ್ತು ಹಾಕುತ್ತಾರೆ, ವಿಷಯ ಮುಗಿಯಿತು ಅಂದುಕೊಳ್ಳುತ್ತಾರೆ, ಮುಂದಿನ ತಿಂಗಳು ಮತ್ತೆ ಅದೇ ಹಾಡು. ಅದಕ್ಕೇ ಜುಲೈ ಬಾಡಿಗೆ ಬಂದು ಒಂದು ವಾರ ಬಿಟ್ಟು, ಶನಿವಾರ ಬೆಳಿಗ್ಗೆ ಕಳಿಸಿದೆ. ಅಗ್ರಿಮೆಂಟಿನ ಆ ಪುಟದ ಫೋಟೋ ಜೊತೆಗೆ. ನಾನು ಬರೆದದ್ದು ಇದು:

"ನಮಸ್ಕಾರ ರೀ. ಜುಲೈ ಬಾಡಿಗೆ 22,000 ರೂಪಾಯಿ 17ನೇ ತಾರೀಖು ತಲುಪಿದೆ, ಈಗ ಬಾಕಿ ಏನೂ ಇಲ್ಲ. ಒಂದು ವಿಷಯ ನೆನಪಿಸಬೇಕಿತ್ತು. ನಮ್ಮ ಅಗ್ರಿಮೆಂಟಿನ 3ನೇ ಕಲಮಿನಲ್ಲಿ ಬಾಡಿಗೆ 5ರೊಳಗೆ ಅಂತ ಇದೆ, ಪುಟದ ಫೋಟೋ ಹಾಕಿದ್ದೇನೆ. ಫೆಬ್ರವರಿಯಿಂದ ಬಂದ ತಾರೀಖು 9, 11, 8, 14, 12, 17. ನನ್ನ ಲೋನ್ ಕಂತು 7ಕ್ಕೆ ಹೋಗುತ್ತದೆ, ಹಾಗಾಗಿ ತೊಂದರೆ ಆಗ್ತಿದೆ. ಆಗಸ್ಟ್ ಬಾಡಿಗೆ 5ರೊಳಗೆ ಬರಲಿ. 5 ನಿಮಗೆ ಆಗದ ತಾರೀಖು ಅಂತಿದ್ದರೆ ಯಾವುದು ಆಗುತ್ತೆ ಅಂತ 31ರೊಳಗೆ ಹೇಳಿ, ಕೂತು ಮಾತಾಡೋಣ. ಅದೇ ಕಲಮಿನಲ್ಲಿರುವ ತಡದ ಶುಲ್ಕ ಈ ತಿಂಗಳುಗಳಿಗೆ ಕೇಳುತ್ತಿಲ್ಲ. ಆದರೆ ಕಲಮು ಹಾಗೇ ಇದೆ, ಮುಂದಿನ ತಿಂಗಳುಗಳಿಗೆ ಅನ್ವಯ ಆಗುತ್ತದೆ."

ಇಷ್ಟೇ. "ನೀವು ಯಾವಾಗಲೂ ತಡ ಮಾಡ್ತೀರಿ" ಅಂತ ಎಲ್ಲೂ ಬರೆದಿಲ್ಲ, ಗಮನಿಸಿ. "ಯಾವಾಗಲೂ" ಅಂದ ಕೂಡಲೇ ಎದುರಿನವರು "ಏಪ್ರಿಲ್‌ನಲ್ಲಿ 8ಕ್ಕೇ ಹಾಕಿದ್ದೆನಲ್ಲ" ಅಂತ ವಾದಕ್ಕೆ ಇಳಿಯುತ್ತಾರೆ. ತಾರೀಖುಗಳ ಸಾಲು ಮುಂದಿಟ್ಟರೆ ವಾದ ಮಾಡಲು ಏನೂ ಉಳಿಯುವುದಿಲ್ಲ, ಬೈದ ಹಾಗೂ ಆಗುವುದಿಲ್ಲ. "ಬಾಕಿ ಏನೂ ಇಲ್ಲ" ಅನ್ನುವುದನ್ನು ಮೊದಲೇ ಹೇಳಿದ್ದರಿಂದ ಓದುವವರ ಎದೆಬಡಿತ ಅರ್ಧ ಇಳಿದಿರುತ್ತದೆ.

ಕೊನೆಯ ಎರಡು ಸಾಲು ಸ್ವಲ್ಪ ಗಡಸು ಅನ್ನಿಸಬಹುದು. ನಮ್ಮ ಮನೆಯವರು ಓದಿ "ಅದು ಯಾಕೆ, ತೆಗಿ" ಅಂದರು. ನಾನು ತೆಗೆಯಲಿಲ್ಲ. ತಿಂಗಳುಗಟ್ಟಲೆ ತಡವಾದ ಬಾಡಿಗೆಯನ್ನು ಮಾತಿಲ್ಲದೆ ತೆಗೆದುಕೊಳ್ಳುತ್ತಾ ಹೋದರೆ, ಮುಂದೊಂದು ದಿನ "ಮಾಲೀಕರೇ ಒಪ್ಪಿಕೊಂಡಿದ್ದರು, ತಾರೀಖು ಬರೀ ಹಾಳೆ ಮೇಲಿನದ್ದು" ಅಂತ ಅವರು ಹೇಳಲು ಜಾಗ ಸಿಗುತ್ತದೆ. ಹಳೆಯದನ್ನು ಬಿಟ್ಟೆ, ಮುಂದಿನದನ್ನು ಬಿಟ್ಟಿಲ್ಲ ಅಂತ ಒಂದು ಸಾಲು ಬರಹದಲ್ಲಿದ್ದರೆ ಆ ಜಾಗ ಮುಚ್ಚುತ್ತದೆ. ಇದೇ ಕಾರಣಕ್ಕೆ ಬಾಡಿಗೆ ರಸೀದಿಯಲ್ಲೂ ನಾನು ದುಡ್ಡು ಬಂದ ನಿಜವಾದ ತಾರೀಖನ್ನೇ ಹಾಕುತ್ತೇನೆ. ಆಫೀಸಿನಲ್ಲಿ ಎಚ್‌ಆರ್‌ಎ ತೋರಿಸಲು ರಸೀದಿ ಬೇಕು ಅಂದಾಗ ಅವರು "ಎಲ್ಲಾ 5ನೇ ತಾರೀಖು ಅಂತ ಹಾಕಿಬಿಡ್ರಿ ಅಕ್ಕಾರ" ಅಂದಿದ್ದರು. ತೆರಿಗೆ ಲೆಕ್ಕಕ್ಕೆ ನಾಲ್ಕು ದಿನ ಹಿಂದೆ ಮುಂದೆ ಆದರೆ ಅವರಿಗೇನೂ ನಷ್ಟ ಇಲ್ಲ. ಆದರೆ ನಾನೇ ಸಹಿ ಮಾಡಿದ ರಸೀದಿಯಲ್ಲಿ 5 ಅಂತಿದ್ದರೆ ನನ್ನ ಚೀಟಿಗೆ ಬೆಲೆ ಎಲ್ಲಿ ಉಳಿಯಿತು?

ಬೇರೆ ಸಲಹೆಗಳೂ ಬಂದಿದ್ದವು. ಬ್ರೋಕರ್ "ಡಬಲ್ ಬಾಡಿಗೆ ಅಂತ ಹೆದರಿಸಿ" ಅಂದ. ಅದು ಅರ್ಧ ತಿಳಿದ ಮಾತು. ಅದೇ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಎರಡು ಪಟ್ಟು ಅನ್ನುವ ಮಾತಿರುವುದು ನಿಜ, ಆದರೆ ಅದು ಅವಧಿ ಮುಗಿದ ಮೇಲೂ ಮನೆ ಬಿಡದೆ ಕೂತವರಿಗೆ. ವಾರ ತಡವಾಗಿ ಬಾಡಿಗೆ ಕೊಟ್ಟವರಿಗಲ್ಲ. ಪಕ್ಕದ ಬಿಲ್ಡಿಂಗಿನ ಒಬ್ಬರು ನೀರು ಬಂದ್ ಮಾಡಿಸಿ ಅಂದರು. ಕಾನೂನಿಗೆ ಅದು ಒಪ್ಪಿಗೆ ಇಲ್ಲ, ಮನುಷ್ಯರು ಮಾಡುವ ಕೆಲಸವೂ ಅಲ್ಲ. ಇನ್ನು ಡಿಪಾಸಿಟ್‌ನಿಂದ ಮುರಿದುಕೊಳ್ಳುವುದು. ಇದನ್ನು ಒಮ್ಮೆ ಬಾಡಿಗೆಯವರೇ ಹೇಳಿದ್ದರು, ನಾನು ಒಪ್ಪಲಿಲ್ಲ. ಡಿಪಾಸಿಟ್ ಇರುವುದು ಮನೆ ಬಿಡುವ ದಿನದ ಲೆಕ್ಕಕ್ಕೆ. ಕೊನೆಯ ಕರೆಂಟ್ ಬಿಲ್ಲು, ಒಡೆದ ನಲ್ಲಿ, ಇಂಥದ್ದಕ್ಕೆ. ನಡುವೆ ಕರಗಿಸಿದರೆ ಆ ದಿನ ಕೈ ಖಾಲಿ.

ಮೆಸೇಜಿಗೆ ಅರ್ಧ ಗಂಟೆಯಲ್ಲಿ ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ನಾನೂ ಸುಮ್ಮನಿದ್ದೆ. 31 ಅಂತ ನಾನೇ ದಿನ ಕೊಟ್ಟ ಮೇಲೆ ನಡುವೆ ಮತ್ತೆ ಕೆದಕುವುದು ಸರಿಯಲ್ಲ ಅಲ್ವಾ? ಭಾನುವಾರ ಸಂಜೆ ಫೋನ್ ಬಂತು.

"ಅಕ್ಕಾರ, ನಾ ಕಂಪನಿ ಬದಲಿ ಮಾಡೀನ್ರಿ. ಅಲ್ಲಿ ಪಗಾರ 1ಕ್ಕ ಬರ್ತಿತ್ತು, ಇಲ್ಲಿ 7 ಆಗತದ, ಒಮ್ಮೊಮ್ಮೆ 10. ಬಂದ ಕೂಡ್ಲೆ ಊರಿಗೆ ಅವ್ವಗ ಕಳಸ್ತೀನಿ, ಆಮ್ಯಾಲೆ ಬಾಡಿಗಿ ಮರತೇ ಹೋಗತದ."

"ಇದನ್ನ ಮೊದಲೇ ಹೇಳಬಹುದಿತ್ತಲ್ರಿ."

"ನೀವು ಏನೂ ಅನ್ನಲಿಲ್ರಿ, ಹಿಂಗಾಗಿ ನಡೀತದ ಅಂದ್ಕೊಂಡೆ."

ಅವರು 10ನೇ ತಾರೀಖು ಕೇಳಿದರು. ನಾನೇ 12 ಅಂದೆ. ಧಾರಾಳತನ ಅಂದುಕೊಳ್ಳಬೇಡಿ, ಲೆಕ್ಕ ಇತ್ತು. 10 ಭಾನುವಾರ ಬಿದ್ದರೆ ಅವರ ಸಂಬಳ ಸೋಮವಾರಕ್ಕೆ ಹೋಗಬಹುದು, ಆಗ ಮೊದಲನೇ ತಿಂಗಳೇ ಮಾತು ತಪ್ಪಿದ ಹಾಗಾಗುತ್ತದೆ. ಒಮ್ಮೆ ತಪ್ಪಿದ ತಾರೀಖಿಗೆ ಆಮೇಲೆ ಯಾರೂ ಮರ್ಯಾದೆ ಕೊಡುವುದಿಲ್ಲ. ಬದಲಿಗೆ ನಾನು ಎರಡು ಕೇಳಿದೆ. 12ಕ್ಕೆ ತಾನಾಗಿ ದುಡ್ಡು ಹೋಗುವ ಹಾಗೆ ಸಂಬಳದ ಖಾತೆಯಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಬೇಕು. 13ರಿಂದ ದಿನಕ್ಕೆ 100 ರೂಪಾಯಿ ಮಾತು ಖಡಕ್. ನನ್ನ ಕಡೆಯಿಂದ ಒಂದು ಕಂತಿನಷ್ಟು ದುಡ್ಡನ್ನು ಲೋನ್ ಖಾತೆಯಲ್ಲಿ ಮುಟ್ಟದೆ ಇಟ್ಟೆ, 7ರ ಚಿಂತೆ ಅಲ್ಲಿಗೆ ಮುಗಿಯಿತು. ಬಾಡಿಗೆ ನೆಚ್ಚಿಕೊಂಡು ಕಂತು ಕಟ್ಟುವ ಯಾರೇ ಆಗಲಿ ಇಷ್ಟು ಇಟ್ಟುಕೊಳ್ಳುವುದು ಒಳ್ಳೆಯದು.

ಫೋನ್ ಇಟ್ಟ ಕೂಡಲೇ ಮಾತಾಡಿದ್ದನ್ನು ಬರೆದು ಕಳಿಸಿದೆ: "ಈ ಅಗ್ರಿಮೆಂಟ್ ಮುಗಿಯುವ ಡಿಸೆಂಬರ್ 31ರ ತನಕ ಬಾಡಿಗೆ 12ರೊಳಗೆ. ಉಳಿದ ಎಲ್ಲಾ ಷರತ್ತು ಮೊದಲಿನ ಹಾಗೇ. ಒಪ್ಪಿಗೆ ಇದ್ದರೆ ಹೌದು ಅನ್ನಿ." ಹೆಬ್ಬೆರಳಿನ ಚಿತ್ರ ಬಂತು. ಅದು ಸಾಲದು, ಹೌದು ಅಂತ ಬರೀರಿ ಅಂದೆ. ನಕ್ಕು ಬರೆದರು.

ಆಗಸ್ಟ್, ಸೆಪ್ಟೆಂಬರ್ 12ಕ್ಕೇ ಬಂತು. ಅಕ್ಟೋಬರ್‌ನಲ್ಲಿ ಬರಲಿಲ್ಲ. ಖಾತೆಯಲ್ಲಿ ದುಡ್ಡು ಕಡಿಮೆ ಇದ್ದರೆ ಇನ್‌ಸ್ಟ್ರಕ್ಷನ್ ಫೇಲ್ ಆಗುತ್ತದೆ, ಹಬ್ಬದ ಖರ್ಚಿನಲ್ಲಿ ಹಾಗೇ ಆಗಿತ್ತು. 13ರ ಬೆಳಿಗ್ಗೆ "ಇವತ್ತಿನ ತನಕ ಬಂದಿಲ್ಲ, ಒಮ್ಮೆ ನೋಡ್ರಿ" ಅಂತ ಒಂದೇ ಸಾಲು ಹಾಕಿದೆ. ಮಧ್ಯಾಹ್ನ 22,100 ಬಂತು. ಆ ನೂರು ರೂಪಾಯಿ ಬೇಡ ಅನ್ನಬಹುದಿತ್ತು. ತೆಗೆದುಕೊಂಡೆ, ರಸೀದಿಯಲ್ಲೂ ಬೇರೆ ಸಾಲಿನಲ್ಲಿ ಬರೆದೆ.

ಡಿಸೆಂಬರ್‌ನಲ್ಲಿ ಅಗ್ರಿಮೆಂಟ್ ಹೊಸದು ಮಾಡಿಸುವಾಗ ಬ್ರೋಕರ್ ಹಳೆಯ ಕರಡನ್ನೇ ಕಳಿಸಿದ್ದ, 5ನೇ ತಾರೀಖಿನ ಸಮೇತ. ಬಯೋಮೆಟ್ರಿಕ್‌ಗೆ ಹೆಬ್ಬೆಟ್ಟು ಒತ್ತುವ ಮುಂಚೆ ತಿದ್ದಿಸಿದೆ: 12ನೇ ತಾರೀಖಿನೊಳಗೆ, ಬ್ಯಾಂಕ್ ಮೂಲಕ ಮಾತ್ರ, 13ರಿಂದ ದಿನಕ್ಕೆ 100, ಒಮ್ಮೆ ತಡವನ್ನು ಮನ್ನಿಸಿದರೆ ಕಲಮನ್ನೇ ಬಿಟ್ಟುಕೊಟ್ಟ ಹಾಗಲ್ಲ. ಕೊನೆಯದನ್ನು ಓದಿ ಬಾಡಿಗೆಯವರು "ಇದು ನನ್ನ ಸಲುವಾಗೇ ಹಾಕಿಸೀರಿ ಹೌದಿಲ್ರಿ?" ಅಂದರು. ಹೌದು ಅಂದೆ.