ಟಿಇಟಿಯ 90 ಅಂಕ: ಗೊತ್ತಿಲ್ಲದ ಪ್ರಶ್ನೆಗಳಿಗೆ ನಾನು ಹಾಕಿದ ಲೆಕ್ಕ

ಹಾಸನದಲ್ಲಿ ಜೊತೆಗೆ ಓದುತ್ತಿದ್ದವರು ಈ ಲೆಕ್ಕವನ್ನು ಅದೃಷ್ಟದಾಟ ಅಂದರು. ಕೊನೆಗೆ 96 ಅಂಕ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕರ್ನಾಟಕ ಟಿಇಟಿಯಲ್ಲಿ 150 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗಕ್ಕೆ ಶೇ. 60, ಅಂದರೆ 90 ಬೇಕು. ಖಚಿತವಾಗಿ 70 ಗೊತ್ತಿದ್ದರೆ ಉಳಿದ 80ನ್ನು ಕಣ್ಣುಮುಚ್ಚಿ ತುಂಬಿದರೂ ಸರಾಸರಿ 20 ಸರಿಯಾಗುತ್ತವೆ, ಸರಿಯಾಗಿ 90 ಆಯಿತು. ಆದರೆ ಸರಾಸರಿ 90 ಅಂದರೆ ಪಾಸಾದಂತಲ್ಲ. ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಹಾಕಿ ನೋಡಿ:

```
=1-BINOM.DIST(19,80,0.25,TRUE)
```

ಸುಮಾರು 0.54 ಬರುತ್ತದೆ, ನೂರರಲ್ಲಿ 54 ಸಲ ಪಾಸು. ಸೂತ್ರದಲ್ಲಿ 20 ಅಲ್ಲ, 19 ಹಾಕಬೇಕು. 20 ಹಾಕಿದರೆ ಸರಿಯಾಗಿ 90 ಬಂದವರನ್ನೂ ಫೇಲ್ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. 75 ಗೊತ್ತಿದ್ದರೆ ನೂರಕ್ಕೆ 87. 65ಕ್ಕೆ ಇಳಿದರೆ 21. 60 ಆದರೆ ನಾಲ್ಕೈದು ಮಾತ್ರ. ಐದೈದು ಪ್ರಶ್ನೆಗೆ ಇಷ್ಟು ಜಾರುತ್ತದೆ ಅಂತ ಯಾರೂ ನಂಬಲಿಲ್ಲ. ಒಂದು ರೂಪಾಯಿ ನಾಣ್ಯವನ್ನು ಒಂದರ ಹಿಂದೊಂದು ಎರಡೆರಡು ಸಲ ಚಿಮ್ಮಿ (ಎರಡು ಸಲಕ್ಕೆ ನಾಲ್ಕು ಬಗೆ ಬೀಳುತ್ತವಲ್ಲ) 80 ಖಾಲಿ ಜಾಗವನ್ನು ಇಪ್ಪತ್ತು ಸಲ ತುಂಬಿ ತೋರಿಸಿದೆ. ನೆನಪಿರುವಂತೆ ಕಡಿಮೆ ಅಂದರೆ 13, ಹೆಚ್ಚೆಂದರೆ 28 ಸರಿ ಬಂದವು. 20 ಅಥವಾ ಅದಕ್ಕಿಂತ ಹೆಚ್ಚು ಬಂದದ್ದು ಹನ್ನೊಂದು ಸಲ.

ಮೊದಲ ಸಲ ಕೈಕೊಟ್ಟಿದ್ದು ‘ಖಚಿತ’ ಅನ್ನುವ ಪದ. 73 ಖಚಿತ ಅಂತ ಗುರುತು ಹಾಕಿದ್ದೆ. ಅಂತಿಮ ಕೀ ಉತ್ತರ ಬಂದಾಗ ಅದರಲ್ಲಿ 65 ಮಾತ್ರ ಸರಿ. ಉಳಿದ 77ರಲ್ಲಿ 19 ಸಿಕ್ಕವು, ಒಟ್ಟು 84. ಊಹೆ ತನ್ನ ಪಾಲು ಕೊಟ್ಟಿತ್ತು, ಕೈಬಿಟ್ಟಿದ್ದು ಗೊತ್ತು ಅಂದುಕೊಂಡದ್ದು. ಸುಮಾರು 700 ರೂಪಾಯಿ ಅರ್ಜಿ ಶುಲ್ಕ ಹೋಯಿತು, ಒಂದು ಅವಕಾಶವೂ ಹೋಯಿತು.

ಆಮೇಲೆ ಹಳೇ ಬಸ್ ಸ್ಟ್ಯಾಂಡ್ ಹತ್ತಿರ ಒಎಂಆರ್ ಹಾಳೆ ಜೆರಾಕ್ಸ್ ಮಾಡಿಸಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಸಮಯ ಹಿಡಿದು ಬರೆದೆ. ಪ್ರತಿ ಪ್ರಶ್ನೆಯ ಪಕ್ಕ ಮೂರರಲ್ಲಿ ಒಂದು ಗುರುತು: ಖಚಿತಕ್ಕೆ ಟಿಕ್, ಎರಡು ಆಯ್ಕೆ ಹೊಡೆದುಹಾಕಲು ಸಾಧ್ಯವಾದರೆ ಗೆರೆ, ಏನೂ ತೋಚದಿದ್ದರೆ ಸೊನ್ನೆ. ಕೀ ಉತ್ತರದೊಂದಿಗೆ ಮೂರನ್ನೂ ಬೇರೆಬೇರೆಯಾಗಿ ಎಣಿಸಬೇಕು. ಟಿಕ್ ಹತ್ತಕ್ಕೆ ಒಂಬತ್ತಕ್ಕಿಂತ ಕೆಳಗಿದ್ದರೆ ಟಿಕ್ ಹಾಕುವ ಕೈ ಬಿಗಿ ಮಾಡಿಕೊಳ್ಳಿ. ಗೆರೆ ಪ್ರತಿ ಸಲವೂ ಅರ್ಧಕ್ಕಿಂತ ತುಂಬಾ ಕೆಳಗಿದ್ದರೆ ಸರಿಯುತ್ತರವನ್ನೇ ಹೊಡೆದುಹಾಕುತ್ತಿದ್ದೀರಿ ಅಂತ ಅರ್ಥ.

ಗೆರೆಯಲ್ಲಿ ಎಷ್ಟು ಲಾಭವಿದೆ ನೋಡಿ. ನಿಜವಾಗಿ 65 ಗೊತ್ತು, ಉಳಿದ 85 ಪೂರ್ತಿ ಕುರುಡು ಊಹೆಯಾದರೆ ನೂರಕ್ಕೆ 21. ಆ 85ರಲ್ಲಿ 40ಕ್ಕೆ ಎರಡೆರಡು ಆಯ್ಕೆ ತೆಗೆದರೆ ಆ ನಲವತ್ತರಲ್ಲಿ ಸರಾಸರಿ 20, ಉಳಿದ 45ರಲ್ಲಿ 11. ಬೇಕಾದ್ದು 25, ಸಿಗುವುದು ಸರಾಸರಿ 31. ಪಾಸಾಗುವ ಸಾಧ್ಯತೆ ನೂರಕ್ಕೆ 94ಕ್ಕೆ ಏರುತ್ತದೆ. ಒಂದೊಂದೇ ಆಯ್ಕೆ ತೆಗೆದರೆ 50ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಎರಡನೆಯದನ್ನೂ ತೆಗೆಯಲು ಹೆಣಗಬೇಕಾದ್ದು ಅದಕ್ಕೇ.

ಗಣಿತದಲ್ಲಿ ಇದು ಸುಲಭ. 18, 24, 27, 31ರ ಸರಾಸರಿ ಕೇಳಿ 17, 25, 26, 33 ಕೊಟ್ಟಿದ್ದರೆ 17, 33 ಎರಡೂ ನೋಡಿದ ಕೂಡಲೇ ಹೋಗುತ್ತವೆ. ಸರಾಸರಿ ಚಿಕ್ಕ ಸಂಖ್ಯೆ, ದೊಡ್ಡ ಸಂಖ್ಯೆಗಳ ನಡುವೆಯೇ ಇರಬೇಕು. ಶಿಶು ವಿಕಾಸದ 30 ಪ್ರಶ್ನೆಗಳಲ್ಲಿ ಮಗುವನ್ನು ಗದರಿಸುವ, ಕಡೆಗಣಿಸುವ ಆಯ್ಕೆಗಳು ಹಾಗೇ ಬೀಳುತ್ತವೆ.

ಇನ್ನೊಂದು ಪ್ರಯೋಗವೂ ಮಾಡಿದೆ. ಖಚಿತವಾದ 70ರಲ್ಲಿ ನಾಲ್ಕನೇ ಆಯ್ಕೆ 12 ಸಲ ಮಾತ್ರ ಬಂದಿದೆ ಅನ್ನಿ. ಕೀ ಉತ್ತರದಲ್ಲಿ ನಾಲ್ಕೂ ಆಯ್ಕೆ ಸಮವಾಗಿದ್ದರೆ ತಲಾ 37-38 ಇರಬೇಕು, ಅಂದರೆ ಉಳಿದ 80ರಲ್ಲಿ 25 ನಾಲ್ಕನೆಯದೇ. ಎಲ್ಲಕ್ಕೂ ಅದನ್ನೇ ತುಂಬಿದರೆ 20ರ ಬದಲು 25. ಆದರೆ ಸಮ ಇರಲೇಬೇಕು ಅನ್ನುವ ನಿಯಮವಿಲ್ಲ. ಮೂರು ಹಳೆಯ ಪತ್ರಿಕೆಗಳಲ್ಲಿ ಎರಡರಲ್ಲಿ ಮೂರ್ನಾಲ್ಕು ಅಂಕ ಸಿಕ್ಕಿತು, ಒಂದರಲ್ಲಿ ಎರಡು ಹೋಯಿತು. ಇದನ್ನು ಸೊನ್ನೆ ಹಾಕಿದವಕ್ಕೆ ಮಾತ್ರ ಬಳಸಿ, ಗೆರೆಯವನ್ನು ಮುಟ್ಟಬೇಡಿ. ಗೆರೆ ಪ್ರಶ್ನೆಗಳಲ್ಲಿ ಉಳಿದ ಎರಡರ ನಡುವೆ ನಾನು ಹೇಗೆ ಆರಿಸುತ್ತೇನೆ ಅನ್ನುವುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎರಡನೇ ಸಲ ಟಿಕ್ 66, ಗೆರೆ 42, ಸೊನ್ನೆ 42. ಕೊನೆಯ ಹದಿನೈದು ನಿಮಿಷ ಸೊನ್ನೆಗಳಿಗೇ ಮೀಸಲಿಟ್ಟಿದ್ದೆ, ಒಂದು ವೃತ್ತವೂ ಖಾಲಿ ಉಳಿಯಲಿಲ್ಲ.

ತಪ್ಪಿಗೆ ಕಾಲು ಅಂಕ ಕಳೆಯುವ ಪರೀಕ್ಷೆಗೆ ಈ ಅಂಕಿಗಳನ್ನು ಒಯ್ಯಬೇಡಿ. ಅಲ್ಲಿ 80 ಕುರುಡು ಊಹೆಯಲ್ಲಿ 20 ಬಂದು 15 ಹೋಗುತ್ತದೆ, ಕೈಗೆ ಉಳಿಯುವುದು 5. ಗೆರೆಯವು ಅಲ್ಲೂ ಲಾಭವೇ: 40ರಲ್ಲಿ 20 ಬಂದು 5 ಹೋಗಿ 15 ಉಳಿಯುತ್ತದೆ.